ಸಹಿ ಮಾತ್ರ ಮೇಷ್ಟ್ರದು

ಕಬ್ಬು ಕಟಾವಿನ ದಿನಗಳು. ಚಿನಕುರಳಿಯ ನಮ್ಮ ಮನೆ ಜಗುಲಿಗೆ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಎಂ.ಎಸ್ಸಿ. ರಸಾಯನಶಾಸ್ತ್ರ ಓದಿದವಳು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ನನ್ನ ಹೆಸರಿನಲ್ಲಿ, ನಾನೇ ಬರೆದ ಹಾಗೆ, ಆಗಲೇ ಟೈಪಾಗಿದ್ದ ಒಂದು ಪುಟದ ಇಂಗ್ಲಿಷ್ ಪತ್ರ. ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು.

"ನಿಮಗ್ಯಾಕೆ ತೊಂದ್ರೆ ಅಂತ ನಾವೇ ಬರ್ಸ್ಕೊಂಡು ಬಂದ್ಬುಟ್ಟೊ ಸಾ. ಒಂದು ಸೈನು, ಒಂದು ಸೀಲು ಹಾಕ್ಕೊಟ್ಬುಟ್ರೆ ಆಯ್ತು" ಎಂದರು ಅಪ್ಪ.

ಓದಿದೆ. ನನ್ನ ಇಡೀ ಅಧ್ಯಾಪನದಲ್ಲಿ ಕಂಡ ಅತಿ ಬುದ್ಧಿವಂತ ವಿದ್ಯಾರ್ಥಿ ಈಕೆ ಎಂದು ನಾನು ಹೇಳಿದ್ದೆನಂತೆ. ಈಕೆಯಲ್ಲಿ ನಾಯಕತ್ವವಿದೆ, ಸಮಯಪಾಲನೆಯಿದೆ, ತಂಡದಲ್ಲಿ ದುಡಿಯುವ ಗುಣವಿದೆ, ನಡತೆ ನಿಷ್ಕಳಂಕ. ಎಲ್ಲ ಇತ್ತು. ಆಕೆ ಎಂಟು ತಿಂಗಳು ಮಣ್ಣಿನ ಮಾದರಿ ಹೊತ್ತು ಲ್ಯಾಬಿಗೆ ಓಡಾಡಿದ ಪ್ರಾಜೆಕ್ಟಿನ ಬಗ್ಗೆ ಮಾತ್ರ ಒಂದು ಅಕ್ಷರವೂ ಇರಲಿಲ್ಲ. ಆಕೆ ಅರ್ಜಿ ಹಾಕುತ್ತಿದ್ದುದು ನೆದರ್ಲೆಂಡ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ, ಮಣ್ಣಿನ ಉಪ್ಪಿನ ಬಗ್ಗೆಯೇ ಸಂಶೋಧನೆ ಮಾಡುವ ಹುದ್ದೆಗೆ!

ನಾನು ಸಹಿ ಹಾಕಲಿಲ್ಲ. ಅಪ್ಪನಿಗೆ ಬೇಸರವಾಯಿತು. ಮೇಷ್ಟ್ರು ದೊಡ್ಡಸ್ತಿಕೆ ತೋರಿಸುತ್ತಿದ್ದಾರೆ ಎಂದುಕೊಂಡಿರಬೇಕು. ಆ ಬೇಸರಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರೆಲ್ಲ ಎರಡು ಮಾತನ್ನು ವೇದವಾಕ್ಯದಂತೆ ನಂಬಿದ್ದಾರೆ. ರೆಫರೆನ್ಸ್ ಲೆಟರಿಗೆ ಸಹಿ ಹಾಕುವವರ ಹುದ್ದೆ ದೊಡ್ಡದಾದಷ್ಟೂ ಲೆಟರಿಗೆ ಬೆಲೆ ಹೆಚ್ಚು ಎಂಬುದು ಮೊದಲನೆಯದು. ಒಕ್ಕಣೆಯನ್ನು ನಾವೇ ಬರೆದುಕೊಂಡು ಹೋದರೆ ಮೇಷ್ಟ್ರಿಗೆ ಉಪಕಾರ, ನಮಗೂ ಕ್ಷೇಮ ಎಂಬುದು ಎರಡನೆಯದು. ಎರಡೂ ತಪ್ಪು. ಎರಡನೆಯದಂತೂ ತಪ್ಪಷ್ಟೇ ಅಲ್ಲ, ಅಪ್ರಾಮಾಣಿಕ. ಹೀಗೆ ಹೇಳುವ ಹಕ್ಕು ನನಗೆ ಬಂದದ್ದು ನಾನೂ ಆ ಅಪ್ರಾಮಾಣಿಕತೆಯಲ್ಲಿ ವರ್ಷಗಟ್ಟಲೆ ಪಾಲುದಾರನಾಗಿದ್ದರಿಂದ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿನಕುರಳಿ ಹೋಬಳಿ ಕೇಂದ್ರ. ಜಾತಿ, ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿ ಮುಂದೆ ನಿಂತು ಬೆಳೆದವರು ನಾವು. ಅಲ್ಲಿ ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಯಾರ ಸಹಿ ಇದೆ, ಸೀಲು ಬಿದ್ದಿದೆಯೋ ಇಲ್ಲವೋ ಎಂಬುದೇ ಮುಖ್ಯ. ಕೆಲಸಕ್ಕೆ ಅರ್ಜಿ ಹಾಕುವಾಗ ಗೆಜೆಟೆಡ್ ಅಧಿಕಾರಿಯಿಂದ ನಡತೆ ಪ್ರಮಾಣಪತ್ರ ತರುತ್ತಿದ್ದೆವು. ಆ ಅಧಿಕಾರಿ ನಮ್ಮ ಮುಖವನ್ನೇ ನೋಡಿರುತ್ತಿರಲಿಲ್ಲ. ಆದರೂ ಮೂರು ವರ್ಷದಿಂದ ನಮ್ಮನ್ನು ಬಲ್ಲೆ ಎಂದು ಬರೆದ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಅದು ಸುಳ್ಳೆಂದು ಕೊಟ್ಟವರಿಗೂ ಗೊತ್ತು, ತಗೊಂಡವರಿಗೂ ಗೊತ್ತು. ಕಾಗದ ಫೈಲಿಗೆ ಸೇರಿದರೆ ಸಾಕಾಗಿತ್ತು.

ಹೊರದೇಶದ ರೆಫರೆನ್ಸನ್ನು ನಾವು ಇದೇ ಜಾತಿಯ ಕಾಗದ ಎಂದುಕೊಂಡಿದ್ದೇವೆ. ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರು ಕೂತಿರುತ್ತಾರೆ. ಬರೆಯುವವರು ಅವರು, ಸಹಿ ಅರ್ಜಿದಾರನದು. ಇಲ್ಲಿ ಅದು ತಿರುಗುಮುರುಗಾಗಿದೆ. ಬರೆಯುವವನು ಅರ್ಜಿದಾರ, ಸಹಿ ಮೇಷ್ಟ್ರದು.

ಆ ಕಡೆ ಕೂತವರಿಗೆ ಇದು ಬೇರೆಯೇ ವಸ್ತು. ಈ ಹುಡುಗಿಯ ಹುದ್ದೆಯನ್ನೇ ನೋಡಿ. ನೆದರ್ಲೆಂಡ್ಸಿನಲ್ಲಿ ಪಿಎಚ್.ಡಿ. ಮಾಡುವವರು ಬಹುಪಾಲು ವಿಶ್ವವಿದ್ಯಾಲಯದ ನೌಕರರು. ಸಾಮಾನ್ಯವಾಗಿ ನಾಲ್ಕು ವರ್ಷದ ಕೆಲಸ, ಸಂಬಳ, ಕರಾರುಪತ್ರ ಎಲ್ಲ ಇರುತ್ತದೆ. ಕರೆಯುವವರು ಒಬ್ಬ ಪ್ರಾಧ್ಯಾಪಕ, ಅವರ ಜೊತೆ ಮೂರ್ನಾಲ್ಕು ಜನ. ಅರ್ಜಿಗಳ ರಾಶಿಯಲ್ಲಿ ಒಬ್ಬರನ್ನು ಆರಿಸಿಕೊಂಡರೆ ನಾಲ್ಕು ವರ್ಷ ಅವರ ಜೊತೆ ಒಂದೇ ಲ್ಯಾಬಿನಲ್ಲಿ ಏಗಬೇಕು. ಅಂಕಪಟ್ಟಿಯಿಂದ ಒಂದಿಷ್ಟು ತಿಳಿಯುತ್ತದೆ. ಆದರೆ ಈಕೆ ಒಬ್ಬಳೇ ಇದ್ದಾಗ ಹೇಗೆ ಕೆಲಸ ಮಾಡುತ್ತಾಳೆ, ಅಳತೆ ತಪ್ಪಿದಾಗ ಏನು ಮಾಡುತ್ತಾಳೆ, ತಪ್ಪನ್ನು ಮುಚ್ಚಿಡುತ್ತಾಳೋ ಹೇಳುತ್ತಾಳೋ ಎಂಬುದು ಅಂಕಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ಕಣ್ಣಾರೆ ಕಂಡವರನ್ನೇ ಕೇಳಬೇಕು. ರೆಫರೆನ್ಸ್ ಇರುವುದು ಅದಕ್ಕೆ.

ಆದ್ದರಿಂದಲೇ ಇಂಥ ಎಷ್ಟೋ ಜಾಹೀರಾತುಗಳು ಮೊದಲ ಹಂತದಲ್ಲಿ ಲೆಟರನ್ನೇ ಕೇಳುವುದಿಲ್ಲ. ಇಬ್ಬರ ಹೆಸರು, ಇಮೇಲು, ಫೋನ್ ನಂಬರು ಕೇಳುತ್ತವೆ. ಅರ್ಜಿಗಳನ್ನು ಸೋಸಿ ನಾಲ್ಕೈದು ಜನ ಉಳಿದ ಮೇಲೆ ಆ ಇಬ್ಬರಿಗೆ ಅವರೇ ಬರೆಯುತ್ತಾರೆ, ಇಲ್ಲವೇ ಕಾಲು ಗಂಟೆ ವಿಡಿಯೋ ಕರೆಯಲ್ಲಿ ಮಾತಾಡುತ್ತಾರೆ. ಲೆಟರ್ ಕೇಳುವ ಎಷ್ಟೋ ಕಡೆಯೂ ಅದು ಮೇಷ್ಟ್ರಿಂದ ನೇರವಾಗಿ ಹೋಗಬೇಕು, ಅರ್ಜಿದಾರನ ಕೈಗೆ ಬರಬಾರದು. ನಮ್ಮವರು ಸಂಬಂಧಪಟ್ಟವರಿಗೆಲ್ಲ ಎಂದು ಮೇಲೆ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಸ್ಕ್ಯಾನ್ ಮಾಡಿ ಕಳಿಸುವ ಕಾಗದವನ್ನು ಅಂಥ ಕಡೆ ಹೆಚ್ಚಾಗಿ ಪಕ್ಕಕ್ಕಿಡುತ್ತಾರೆ. ಅರ್ಜಿದಾರನಿಗೆ ಓದಲು ಕೊಟ್ಟ ಹೊಗಳಿಕೆಗೆ ಎಷ್ಟು ಬೆಲೆ ಎಂಬುದು ಯಾರಿಗೆ ಗೊತ್ತಿಲ್ಲ?

ಈಗ ನನ್ನ ತಪ್ಪೊಪ್ಪಿಗೆ. ನಾನು ವಿಭಾಗದ ಮುಖ್ಯಸ್ಥನಾಗಿದ್ದ ವರ್ಷಗಳಲ್ಲಿ ಇಂಥ ಕಾಗದಗಳಿಗೆ ಕಣ್ಮುಚ್ಚಿ ಸಹಿ ಹಾಕುತ್ತಿದ್ದೆ. ಹುಡುಗರಿಗೆ ಒಳ್ಳೆಯದಾಗಲಿ ಎಂಬುದು ಒಂದು ಕಾರಣ. ಕೂತು ಬರೆಯುವ ಸೋಮಾರಿತನ ಇನ್ನೊಂದು. ಒಂದು ಸಂಜೆ ಯುರೋಪಿನಿಂದ ಕರೆ ಬಂತು. ನಾನು ಸಹಿ ಹಾಕಿಕೊಟ್ಟಿದ್ದ ಹುಡುಗನೊಬ್ಬನ ಬಗ್ಗೆ. ಆ ಕಡೆಯವರು ಬಹಳ ಮರ್ಯಾದೆಯಿಂದಲೇ ಮಾತು ಶುರುಮಾಡಿದರು. ಈತ ಹೊಸ ವಿಧಾನವೊಂದನ್ನು ರೂಪಿಸಿದ ಎಂದು ನಿಮ್ಮ ಪತ್ರದಲ್ಲಿದೆ, ಅದು ಯಾವ ವಿಧಾನ ಎಂದರು. ನನಗೆ ಗೊತ್ತಿರಲಿಲ್ಲ. ಪತ್ರದಲ್ಲಿ ಹಾಗಿದೆ ಎಂಬುದೇ ಗೊತ್ತಿರಲಿಲ್ಲ! ಏನೋ ತಡವರಿಸಿದೆ. ಈತನಿಗೆ ಯಾವ ವಿಷಯದಲ್ಲಿ ಇನ್ನೂ ತರಬೇತಿ ಬೇಕು ಎಂದು ಕೇಳಿದರು. ಏನೂ ಬೇಡ, ಎಲ್ಲದರಲ್ಲೂ ಚುರುಕು ಎಂದೆ. ಆ ಕಡೆ ಒಂದು ಕ್ಷಣ ಮೌನ. ಧನ್ಯವಾದ ಹೇಳಿ ಇಟ್ಟರು. ಹುಡುಗನಿಗೆ ಕೆಲಸ ಸಿಗಲಿಲ್ಲ. ಅವನು ನಿಜಕ್ಕೂ ಒಳ್ಳೆಯ ಕೆಲಸಗಾರ. ಅವನ ಪ್ರಾಜೆಕ್ಟ್ ನೋಡಿಕೊಂಡ ಇನ್ನೊಬ್ಬ ಅಧ್ಯಾಪಕರನ್ನು ಕೇಳಿದ್ದರೆ ಆ ಎರಡು ಪ್ರಶ್ನೆಗೂ ಅರ್ಧ ಗಂಟೆ ಉತ್ತರ ಹೇಳುತ್ತಿದ್ದರು. ಅವರ ಹೆಸರನ್ನು ಅವನು ಕೊಟ್ಟಿರಲಿಲ್ಲ. ನನ್ನ ಹುದ್ದೆ ದೊಡ್ಡದಿತ್ತಲ್ಲ!

ಆಮೇಲೆ ನನ್ನ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ಲೆಟರುಗಳನ್ನು ತೆಗೆದು ಓದಿದೆ. ಬೇರೆ ಬೇರೆ ಹುಡುಗರ ಲೆಟರುಗಳಲ್ಲಿ ಅದೇ ವಾಕ್ಯಗಳು, ಅದೇ ಕಾಗುಣಿತದ ತಪ್ಪುಗಳು. ಒಂದು ಬ್ಯಾಚಿನವರು ಬರೆದದ್ದನ್ನು ಮುಂದಿನ ಬ್ಯಾಚಿನವರು ಹೆಸರು ಬದಲಿಸಿ ಬಳಸಿದ್ದರು. ಒಂದರಲ್ಲಂತೂ ಹುಡುಗಿಯ ಲೆಟರಿನ ನಡುವೆ "ಅವನು" ಎಂದು ಉಳಿದುಬಿಟ್ಟಿತ್ತು. ನಾನು ಅದಕ್ಕೂ ಸಹಿ ಹಾಕಿದ್ದೆ. ಎರಡು ಬೇರೆ ಮೇಷ್ಟ್ರ ಹೆಸರಿನ ಲೆಟರುಗಳು ಒಂದೇ ಶೈಲಿಯಲ್ಲಿ, ಒಂದೇ ಅಕ್ಷರವಿನ್ಯಾಸದಲ್ಲಿ ಬಂದರೆ ಓದುವವರಿಗೆ ಸಂಶಯ ಬಾರದೆ ಇರುತ್ತದೆಯೇ? ಹೊರದೇಶದ ಹಲವು ಸಂಸ್ಥೆಗಳು ಅರ್ಜಿದಾರನೇ ಒಕ್ಕಣೆ ಬರೆಯುವುದನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಸಿಕ್ಕಿಬಿದ್ದರೆ ಹೋಗುವುದು ಆ ಒಬ್ಬ ಹುಡುಗನ ಅವಕಾಶ ಮಾತ್ರವಲ್ಲ. ಆ ಕಾಲೇಜಿನಿಂದ ಮುಂದೆ ಹೋಗುವ ಪ್ರತಿ ಲೆಟರಿನ ಬೆಲೆಯೂ ಇಳಿಯುತ್ತದೆ.

ಜಗುಲಿಯ ಹುಡುಗಿಗೆ ಹಿಂದಿರುಗುತ್ತೇನೆ. ಆಕೆಯ ಪ್ರಾಜೆಕ್ಟ್ ನೋಡಿಕೊಂಡವರು ಒಬ್ಬ ಅತಿಥಿ ಉಪನ್ಯಾಸಕರು. "ಅವರತ್ರ ತಗೊಂಡ್ಯೇನಮ್ಮ?" ಎಂದೆ. ಹುಡುಗಿ ತಲೆ ತಗ್ಗಿಸಿದಳು. "ಗೆಸ್ಟ್ ಲೆಕ್ಚರರ್ ಲೆಟರಿಗೆ ಬೆಲೆ ಇರಲ್ಲ ಅಂತ ಎಲ್ರೂ ಹೇಳಿದ್ರು ಸಾರ್. ಅವರ ಹತ್ರ ಲೆಟರ್‌ಹೆಡ್ಡೂ ಇಲ್ಲ. ಈಗ ಬೇರೆ ಕಾಲೇಜಿಗೆ ಹೋಗವ್ರೆ."

ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ನಮ್ಮ ಸರ್ಕಾರಿ ಕಾಲೇಜುಗಳ ಪಾಠದ ದೊಡ್ಡ ಭಾಗ ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಸಂಬಳ ಕಡಿಮೆ, ಭದ್ರತೆ ಇಲ್ಲ, ಆದರೂ ಲ್ಯಾಬಿನಲ್ಲಿ ಹುಡುಗರ ಪಕ್ಕ ನಿಲ್ಲುವವರು ಅವರು. ನಾವು ಕಾಯಂ ಮಂದಿ ಸಭೆ, ಮೌಲ್ಯಮಾಪನ ಎಂದು ಓಡಾಡುತ್ತಿದ್ದಾಗ ಈ ಹುಡುಗಿಯ ಕೈಗೆ ಪಿಪೆಟ್ ಹಿಡಿಯಲು ಕಲಿಸಿದವರು. ಕೆಲಸವನ್ನು ಅವರಿಂದ ಕಲಿತು ಲೆಟರನ್ನು ನನ್ನಿಂದ ತರುವುದು ಆ ಅಧ್ಯಾಪಕರಿಗೆ ಮಾಡುವ ಅವಮಾನ. ಹುಡುಗಿಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಅವರಿಗೆ ಏನು ಗೊತ್ತಿತ್ತು? ಆವತ್ತೇ ಫೋನು ಮಾಡಿಸಿದೆ. ಸ್ಪೀಕರಿಗೆ ಹಾಕಿ ಮೂವರೂ ಕೇಳಿಸಿಕೊಂಡೆವು. ಹುಡುಗಿ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಚೌಳು ಹಿಡಿದ ಗದ್ದೆಗಳ ಮಣ್ಣು ತಂದು ಉಪ್ಪಿನಂಶ ಅಳೆಯುತ್ತಿದ್ದಳು. ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದನ್ನು ಅಳೆಯುವುದು ಕಂಡಕ್ಟಿವಿಟಿ ಮೀಟರು. ಆ ಮೀಟರು ಸರಿ ಇದೆಯೇ ಎಂದು ನೋಡಲು ಪೊಟ್ಯಾಸಿಯಂ ಕ್ಲೋರೈಡಿನ 0.01 ಮೋಲಾರ್ ದ್ರಾವಣ ಬಳಸುತ್ತಾರೆ. 25 ಡಿಗ್ರಿ ಉಷ್ಣಾಂಶದಲ್ಲಿ ಅದು ಸೆಂಟಿಮೀಟರಿಗೆ 1413 ಮೈಕ್ರೋಸೀಮನ್ಸ್ ತೋರಿಸಬೇಕು. ಒಂದು ದಿನ ಕೆಲಸ ಮುಗಿದ ಮೇಲೆ ಈಕೆ ಯಾರೂ ಹೇಳದೆಯೇ ಮತ್ತೊಮ್ಮೆ ಪರೀಕ್ಷಿಸಿದಳು. ಮೀಟರು 1530 ತೋರಿಸಿತು. ಅಂದರೆ ಶೇಕಡ 8ರಷ್ಟು ಹೆಚ್ಚು. ಅದು ಯಾವಾಗ ಕೆಟ್ಟಿತೆಂದು ಗೊತ್ತಿಲ್ಲದ ಮೇಲೆ ಲೆಕ್ಕದಲ್ಲಿ ತಿದ್ದುವಂತೆಯೂ ಇರಲಿಲ್ಲ. ಹಿಂದಿನ ಪರೀಕ್ಷೆಯಿಂದೀಚೆಗೆ ತೆಗೆದಿದ್ದ ಹದಿನಾಲ್ಕು ಅಳತೆಗಳನ್ನೂ ಹೊಡೆದುಹಾಕಿ, ಸೆಲ್ ತೊಳೆದು, ಎರಡು ದಿನ ಕೂತು ಮತ್ತೆ ಅಳೆದಳು. ನೋಟ್‌ಬುಕ್ಕಿನಲ್ಲಿ ಹಳೆಯ ಅಂಕಿಗಳನ್ನು ಹರಿದು ಎಸೆಯಲಿಲ್ಲ. ಅಡ್ಡ ಗೀಟು ಹಾಕಿ ಪಕ್ಕದಲ್ಲಿ ಕಾರಣ ಬರೆದಳು.

"ಪ್ರಾಜೆಕ್ಟ್ ಸಬ್ಮಿಷನ್ನಿಗೆ ಹತ್ತು ದಿನ ಇತ್ತು ಸಾರ್. ಬೇರೆ ಯಾರಾಗಿದ್ರೂ ಸುಮ್ಮನಾಗಿಬಿಡೋರು" ಎಂದರು ಆ ಅಧ್ಯಾಪಕರು.

ನಾಯಕತ್ವ, ಸಮಯಪಾಲನೆ, ನಿಷ್ಕಳಂಕ ನಡತೆ ಎಂಬ ಪದಗಳ ರಾಶಿಯನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಆ ಹದಿನಾಲ್ಕು ಅಡ್ಡ ಗೀಟುಗಳನ್ನು ಇನ್ನೊಂದಕ್ಕೆ ಹಾಕಿ. ಮಣ್ಣಿನ ಲ್ಯಾಬು ನಡೆಸುವ ಯಾರಿಗಾದರೂ ಎರಡನೆಯದೇ ಸಾಕು. ಇದನ್ನು ಹುಡುಗಿ ತಾನೇ ಬರೆದುಕೊಳ್ಳುತ್ತಿರಲಿಲ್ಲ. ಅಳತೆ ತಪ್ಪಿದ್ದು ತನ್ನ ದೋಷ ಎಂದೇ ಆಕೆ ತಿಳಿದಿದ್ದಳು. ಒಕ್ಕಣೆ ತಾನೇ ಬರೆಯುವುದರ ದೊಡ್ಡ ನಷ್ಟ ಇದು. ನಮ್ಮಲ್ಲಿ ಏನು ಚೆನ್ನಾಗಿದೆ ಎಂಬುದು ಎಷ್ಟೋ ಸಲ ನಮಗೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತಿರುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೇಷ್ಟ್ರೇ "ಬರ್ಕೊಂಡು ಬಾ" ಅಂತಾರೆ, ನಾವೇನು ಮಾಡೋಣ ಎನ್ನುತ್ತಾರೆ ಹುಡುಗರು. ನಿಜ, ತಪ್ಪಿನ ದೊಡ್ಡ ಪಾಲು ನಮ್ಮದೇ. ಆದರೆ ಬರೆದುಕೊಂಡು ಬಾ ಎಂದಾಗ ಒಕ್ಕಣೆ ಒಯ್ಯಬೇಡಿ, ಸಂಗತಿ ಒಯ್ಯಿರಿ. ಎರಡು ಪುಟದ ಒಂದು ಟಿಪ್ಪಣಿ ಸಾಕು. ಯಾವ ವರ್ಷ ಯಾವ ಪಾಠ ಕೇಳಿದೆ, ಪ್ರಾಜೆಕ್ಟ್ ಏನು, ಯಾವ ತೊಡಕು ಬಂತು, ಆಗ ನೀವು ಏನು ಹೇಳಿದಿರಿ, ನಾನು ಏನು ಮಾಡಿದೆ ಎಂಬುದನ್ನು ವಿಶೇಷಣ ಇಲ್ಲದೆ ಬರೆಯಿರಿ. ಜೊತೆಗೆ ಕೆಲಸದ ಜಾಹೀರಾತು, ನಿಮ್ಮ ಸಿವಿ, ಪ್ರಾಜೆಕ್ಟ್ ವರದಿ ಇಡಿ. ಅದನ್ನು ಓದಿದರೆ ಮೇಷ್ಟ್ರಿಗೆ ಮರೆತದ್ದು ನೆನಪಾಗುತ್ತದೆ. ನೆನಪಿಸುವುದು ನಿಮ್ಮ ಕೆಲಸ. ತೀರ್ಪು ಹೇಳುವುದು ಅವರ ಕೆಲಸ.

ಮೇಷ್ಟ್ರಿಗೆ ಇಂಗ್ಲಿಷ್ ಅಷ್ಟು ಬರೆಯಲು ಬರುವುದಿಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಇದನ್ನು ಎಲ್ಲರೂ ಮೆಲ್ಲಗೆ ಹೇಳುತ್ತಾರೆ, ಮೇಷ್ಟ್ರುಗಳೂ ಒಳಗೊಳಗೇ ಅಂಜುತ್ತಾರೆ. ಸಣ್ಣ ವಾಕ್ಯದ ಸರಳ ಇಂಗ್ಲಿಷ್ ಸಾಕು. ವ್ಯಾಕರಣ ಅಲ್ಲಲ್ಲಿ ಎಡವಿದರೂ ಕಂಡದ್ದನ್ನು ಹೇಳುವ ಲೆಟರನ್ನು ನಂಬುತ್ತಾರೆ. ಅದೇ ಮೇಷ್ಟ್ರು ಇಮೇಲಿನಲ್ಲಿ ಒಂದು ಇಂಗ್ಲಿಷ್, ಲೆಟರಿನಲ್ಲಿ ಕಾದಂಬರಿಯ ಇಂಗ್ಲಿಷ್ ಬರೆದಿದ್ದರೆ ಅನುಮಾನ ಬರುವುದು ಆಗ. ನಮ್ಮ ಅತಿಥಿ ಉಪನ್ಯಾಸಕರು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದರು. ಮುಕ್ಕಾಲು ಪುಟವಾಯಿತು. ಈಕೆ ನನಗೆ ಹೇಗೆ ಪರಿಚಯ, ಎಷ್ಟು ಕಾಲ ಕೆಲಸ ನೋಡಿದೆ, ಆಗ ನಾನು ಅತಿಥಿ ಉಪನ್ಯಾಸಕನಾಗಿದ್ದೆ ಎಂಬುದು ಮೊದಲ ಭಾಗ. ಹದಿನಾಲ್ಕು ಅಳತೆಯ ಕತೆ ಎರಡನೆಯದು. ನಾನು ಇದುವರೆಗೆ ನೋಡಿಕೊಂಡ ಹದಿನೇಳು ಪ್ರಾಜೆಕ್ಟ್ ವಿದ್ಯಾರ್ಥಿಗಳಲ್ಲಿ ಮೊದಲ ಇಬ್ಬರಲ್ಲಿ ಒಬ್ಬಳು ಎಂಬುದು ಮೂರನೆಯದು. ಕೊನೆಯಲ್ಲಿ, ಬರವಣಿಗೆ ನಿಧಾನ, ವರದಿಯ ಮೊದಲ ಕರಡು ಎರಡು ವಾರ ತಡವಾಗಿ ಕೊಟ್ಟಳು ಎಂದೂ ಬರೆದರು. ಹುಡುಗಿಯ ಕುಂದೇ ಬರೆಯುವುದಾ ಎಂದು ನನ್ನನ್ನು ಕೇಳಿದರು. ಬರೆಯಿರಿ ಎಂದೆ. ಕುಂದಿಲ್ಲದ ಲೆಟರು ಯಾರ ಬಗ್ಗೆಯೂ ಅಲ್ಲ. ಕುಂದನ್ನೂ ಹೇಳಿದವರು ಹೊಗಳಿದರೆ ಆ ಹೊಗಳಿಕೆ ನಿಲ್ಲುತ್ತದೆ.

ಲೆಟರ್‌ಹೆಡ್ ಇಲ್ಲದಿರುವುದು, ಸಂಸ್ಥೆಯ ಇಮೇಲ್ ಇಲ್ಲದಿರುವುದು ಮೂರನೆಯ ತೊಡಕು. ಇದು ಮಾತ್ರ ನಿಜವಾದ ತೊಡಕೇ. ಜಿಮೇಲ್ ವಿಳಾಸ ಕಂಡರೆ ಇದು ಅರ್ಜಿದಾರನೇ ಮಾಡಿಕೊಂಡ ಖಾತೆಯೋ ಏನೋ ಎಂಬ ಸಂಶಯ ಅವರಿಗೆ ಸಹಜವಾಗಿ ಬರುತ್ತದೆ. ಅದಕ್ಕೆ ಪರಿಹಾರ ಸುಳ್ಳು ಲೆಟರ್‌ಹೆಡ್ ಅಲ್ಲ. ಅರ್ಜಿ ಹಾಕುವ ಮೊದಲೇ ಹುಡುಗಿ ಆ ವಿಶ್ವವಿದ್ಯಾಲಯದ ಸಂಪರ್ಕ ವ್ಯಕ್ತಿಗೆ ನಾಲ್ಕು ಸಾಲು ಬರೆದಳು. ನನ್ನ ಪ್ರಾಜೆಕ್ಟ್ ಮಾರ್ಗದರ್ಶಕರು ತಾತ್ಕಾಲಿಕ ಹುದ್ದೆಯಲ್ಲಿದ್ದವರು, ಅವರಿಗೆ ಸಂಸ್ಥೆಯ ಇಮೇಲ್ ಇಲ್ಲ, ಅವರು ಆ ಕಾಲದಲ್ಲಿ ಅಲ್ಲಿದ್ದರೆಂಬುದನ್ನು ಆಗಿನ ಮುಖ್ಯಸ್ಥರು ದೃಢಪಡಿಸುತ್ತಾರೆ, ಇದು ಸಾಕೇ ಎಂದು ಕೇಳಿದಳು. ಸಾಕು ಎಂದು ಉತ್ತರ ಬಂತು. ಎರಡನೆಯ ಹೆಸರಾಗಿ ನಾನು ನಿಂತೆ. ಈಕೆಗೆ ಒಂದು ವರ್ಷ ಪಾಠ ಮಾಡಿದ್ದೇನೆ, ಕೆಲಸವನ್ನು ಹತ್ತಿರದಿಂದ ನೋಡಿದವರು ಇನ್ನೊಬ್ಬರು ಎಂದಷ್ಟೇ ಬರೆದೆ. ದೊಡ್ಡ ಹುದ್ದೆಯವನು ಮಾಡಬಹುದಾದ ಉಪಯೋಗ ಅಷ್ಟೇ.

ಒಂದು ಮಿತಿಯನ್ನೂ ಹೇಳಬೇಕು. ಹೊರದೇಶದ ಎಲ್ಲ ಕೆಲಸಕ್ಕೂ ಮೇಷ್ಟ್ರ ಮಾತು ಬೇಕಿಲ್ಲ. ಖಾಸಗಿ ಕಂಪನಿಗಳು ಕೇಳಿದರೆ ಹಳೆಯ ಮ್ಯಾನೇಜರನ್ನು ಕೇಳುತ್ತವೆ. ಐದಾರು ವರ್ಷ ಕೆಲಸ ಮಾಡಿದ ಮೇಲೂ ಕಾಲೇಜಿನ ಲೆಟರು ಹಿಡಿದುಕೊಂಡು ಓಡಾಡುವುದರಲ್ಲಿ ಅರ್ಥವಿಲ್ಲ. ಸಂಶೋಧನೆ, ಬೋಧನೆ, ಓದು ಮುಗಿದ ಕೂಡಲೇ ಸೇರುವ ಮೊದಲ ಕೆಲಸ, ಇವುಗಳಿಗೆ ಮಾತ್ರ ಮೇಷ್ಟ್ರು ಬೇಕು. ಬೇಕಾದಾಗ ಕನಿಷ್ಠ ನಾಲ್ಕು ವಾರ ಮೊದಲು ಕೇಳಿ. ಕೊನೆಯ ಗಳಿಗೆಯನ್ನು ನಮ್ಮ ಗಡಿಯಾರದಲ್ಲಿ ಬರೆದುಕೊಡಿ. ನೆದರ್ಲೆಂಡ್ಸಿನ ರಾತ್ರಿ 11.59 ಅಂದರೆ ಚಳಿಗಾಲದಲ್ಲಿ ನಮಗೆ ಮರುದಿನ ಬೆಳಗಿನ ಜಾವ 4.29, ಬೇಸಿಗೆಯಲ್ಲಿ 3.29. ಕೇಳುವಾಗ "ಲೆಟರ್ ಕೊಡ್ತೀರಾ ಸಾರ್" ಎನ್ನಬೇಡಿ. "ನನ್ನ ಕೆಲಸದ ಬಗ್ಗೆ ವಿವರವಾಗಿ ಹೇಳುವಷ್ಟು ನಿಮಗೆ ನೆನಪಿದೆಯಾ ಸಾರ್" ಎಂದು ಕೇಳಿ. ಇಲ್ಲ ಎಂದು ಹೇಳಲು ಅವರಿಗೂ ದಾರಿ ಇರಲಿ. ನಾನು ನಿನ್ನನ್ನು ಅಷ್ಟು ಬಲ್ಲವನಲ್ಲ ಎನ್ನುವ ಮೇಷ್ಟ್ರು ನಿಮಗೆ ಉಪಕಾರ ಮಾಡುತ್ತಿದ್ದಾರೆ. ಏನೂ ಗೊತ್ತಿಲ್ಲದೆ ಸಹಿ ಹಾಕುವವರು ನಿಮ್ಮನ್ನು ಕೆಡಿಸುತ್ತಾರೆ. ನಾನು ಒಬ್ಬನನ್ನು ಕೆಡಿಸಿದ್ದೇನೆ.

ಪ್ರಜಾವಾಣಿಯ ಪುಟ್ಟ ವ್ಯಂಗ್ಯಚಿತ್ರಕ್ಕೂ ನಮ್ಮೂರಿನ ಹಾಗೆ ಚಿನಕುರಳಿ ಎಂದೇ ಹೆಸರು. ತನ್ನ ಹೊಗಳಿಕೆ ತಾನೇ ಬರೆದು ಗುರುವಿನಿಂದ ಸಹಿ ಹಾಕಿಸಿಕೊಳ್ಳುವ ಶಿಷ್ಯ, ಓದದೆ ಸಹಿ ಹಾಕುವ ಗುರು, ಇದನ್ನು ಬಿಡಿಸಿದರೆ ಮಾತೇ ಬೇಕಿಲ್ಲದ ಚಿತ್ರವಾಗುತ್ತದೆ. ಆದರೆ ಆ ಚಿತ್ರದಲ್ಲಿ ನಾನೇ ಕೂತಿದ್ದೆನಾದ್ದರಿಂದ ನಗು ಬರುವುದಿಲ್ಲ.

ಹುಡುಗಿಯ ಅರ್ಜಿ ಹೋಯಿತು. ಮೂರು ವಾರದ ಮೇಲೆ ಆ ಅತಿಥಿ ಉಪನ್ಯಾಸಕರಿಗೆ ವಿಡಿಯೋ ಕರೆ ಬಂತು. ಮೀಟರಿನ ಸೆಲ್ಲು ಯಾಕೆ ಕೆಟ್ಟಿತ್ತು ಎಂಬ ಪ್ರಶ್ನೆಯಿಂದಲೇ ಮಾತು ಶುರುವಾಯಿತಂತೆ. ನಲವತ್ತು ನಿಮಿಷ ನಡೆಯಿತಂತೆ. ಆಕೆಯ ತಂದೆ ದಾರಿಯಲ್ಲಿ ಸಿಕ್ಕಿ ಅದನ್ನು ಹೇಳಿದರು. ಹೇಳಿ, ಹೊರಟವರು ಮತ್ತೆ ತಿರುಗಿ ನಿಂತರು.

"ಅಲ್ಲಾ ಸಾ, ಸೀಲೇ ಇಲ್ದೆ ಹೋಯ್ತಲ್ಲ ಕಾಗ್ದ. ಯಾರೂ ಕೇಳ್ನೇ ಇಲ್ವಾ?"

ಯಾರೂ ಕೇಳಲಿಲ್ಲ.